ಲೇಬಲ್ ಹೋದ ಬಾಟಲಿಗೆ ಲಿಟ್ಮಸ್ಸೂ ಬೇಡ, ಸಿಂಕೂ ಬೇಡ

ಪ್ರಶ್ನೆ: ನಮ್ಮ ಹೈಸ್ಕೂಲ್ ಲ್ಯಾಬಿನ ಬೀರುವಿನಲ್ಲಿ ಲೇಬಲ್ ಅಳಿಸಿಹೋದ ಹತ್ತು-ಹನ್ನೆರಡು ಬಾಟಲಿಗಳಿವೆ. ಲಿಟ್ಮಸ್ ಹಾಕಿ ಏನೆಂದು ಪತ್ತೆ ಮಾಡಿ ಮತ್ತೆ ಬಳಸಲಾ, ಇಲ್ಲ ಜಾಸ್ತಿ ನೀರು ಬಿಟ್ಟು ಸಿಂಕಿಗೆ ಸುರಿಯಲಾ?

ಎರಡೂ ಬೇಡ. ನಾನು ಸಿಂಧನೂರು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ನಮ್ಮ ಬೀರುವೂ ಹೀಗೇ ಇತ್ತು. ಆದರೆ ಅನಾಹುತ ಮಾಡಿದ ಬಾಟಲಿ ಹಳಬರು ಬಿಟ್ಟುಹೋದದ್ದಲ್ಲ, ನಾನೇ ಇಟ್ಟದ್ದು.

ಸತು ಮತ್ತು ಆಮ್ಲದಿಂದ ಹೈಡ್ರೋಜನ್ ತಯಾರಿಸುವ ಪ್ರಯೋಗ ಇತ್ತು. ಎರಡೂವರೆ ಲೀಟರಿನ ದೊಡ್ಡ ಬಾಟಲಿಯನ್ನು ಪ್ರತಿ ಸಲ ಎತ್ತೋದು ಕಷ್ಟ ಅಂತ, ಗಟ್ಟಿ ಸಲ್ಫ್ಯೂರಿಕ್ ಆಮ್ಲವನ್ನು ಅರ್ಧ ಲೀಟರಿನ ಖಾಲಿ ಗಾಜಿನ ಬಾಟಲಿಗೆ ಅರ್ಧದಷ್ಟು ಬಗ್ಗಿಸಿಕೊಂಡೆ. ಅಷ್ಟರಲ್ಲಿ ಬೆಲ್ ಆಯಿತು. ಚೀಟಿ ನಾಳೆ ಅಂಟಿಸಿದರಾಯಿತು ಅಂದುಕೊಂಡೆ. ಮೂರು ದಿನವಾದರೂ ಅಂಟಿಸಲಿಲ್ಲ. ಅದು ನೋಡಲು ನೀರಿನ ಹಾಗೇ ಇತ್ತು. ಬಣ್ಣ ಇಲ್ಲ, ಹೊಗೆ ಇಲ್ಲ, ಮೂಗಿಗೆ ಬಡಿಯುವ ವಾಸನೆಯೂ ಇಲ್ಲ. ಏನಿದೆ ಅಂತ ನನ್ನ ತಲೆಯಲ್ಲಿತ್ತು, ಬಾಟಲಿಯ ಮೇಲೆ ಇರಲಿಲ್ಲ. ತಪ್ಪು ಇಷ್ಟೇ. ಚೀಟಿ ಅಂಟಿಸಿದ್ದರೆ ಒಂದು ನಿಮಿಷದ ಕೆಲಸ.

ಶನಿವಾರ ಲ್ಯಾಬ್ ತೊಳೆಯುವಾಗ ಒಂಬತ್ತನೇ ಕ್ಲಾಸಿನ ಹುಡುಗನಿಗೆ "ಆ ಸಣ್ಣ ಬಾಟಲಿಗಳಿಗೆಲ್ಲ ನೀರು ಹಾಕಿ ಅಲುಗಾಡಿಸಿ ಇಡಪ್ಪ" ಅಂದೆ. ಅವನು ಅದರೊಳಗೂ ಮಗ್ಗಿನಿಂದ ನೀರು ಸುರಿದ. ಆ ಆಮ್ಲ ನೀರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಹಾಗಾಗಿ ನೀರು ಮೇಲೇ ನಿಲ್ಲುತ್ತದೆ, ಎರಡೂ ಸೇರುವ ಕಡೆ ವಿಪರೀತ ಬಿಸಿ ಹುಟ್ಟುತ್ತದೆ, ಮೇಲಿನ ನೀರು ಕ್ಷಣದಲ್ಲಿ ಕುದಿದು ಆಮ್ಲವನ್ನೂ ಎಳೆದುಕೊಂಡು ಹೊರಗೆ ಹಾರುತ್ತದೆ. ಚುಂಯ್ ಅಂತ ಸದ್ದಾಯಿತು, ಅವನ ಎಡಗೈ ಮೇಲೆ ಬಿತ್ತು. ಕಣ್ಣಿಗೆ ಬೀಳಲಿಲ್ಲ.

ಯಾರೋ ಅಡುಗೆ ಸೋಡಾ ತಂದು ಉಜ್ಜಲು ಬಂದರು, ನಾನು ಬಿಡಲಿಲ್ಲ. ಚರ್ಮದ ಮೇಲೆ ಆಮ್ಲಕ್ಕೆ ಸೋಡಾ ಹಾಕಿದರೆ ಇನ್ನೂ ಬಿಸಿ ಆಗುತ್ತದೆ. ನಲ್ಲಿ ಕೆಳಗೆ ಕೈ ಹಿಡಿಸಿ ಇಪ್ಪತ್ತು ನಿಮಿಷ ನೀರು ಬಿಟ್ಟೆವು, ಆಮೇಲೆ ಆಸ್ಪತ್ರೆ. ದಾರಿಯಲ್ಲಿ ಅವನು "ಸರ್, ಬಾಟಲಿ ಭಾರ ಅನಿಸ್ತು, ಆದ್ರೂ ನೀರೇ ಇರಬೇಕು ಅಂದ್ಕೊಂಡೆ" ಅಂದ. ಮುಂಗೈ ಮೇಲೆ ಕಲೆ ಈಗಲೂ ಇದೆ.

ಅದಕ್ಕೇ ನಿಮ್ಮ ಲಿಟ್ಮಸ್ ಉಪಾಯ ನನಗೆ ಒಪ್ಪಿಗೆ ಇಲ್ಲ. ಲಿಟ್ಮಸ್ ಆಮ್ಲವೋ ಪ್ರತ್ಯಾಮ್ಲವೋ ಅಂತ ಹೇಳುತ್ತದೆ. ಯಾವ ಆಮ್ಲ, ಎಷ್ಟು ಗಟ್ಟಿ ಅಂತ ಹೇಳುವುದಿಲ್ಲ. ಅಂದಾಜಿನ ಮೇಲೆ ಹೊಸ ಲೇಬಲ್ ಅಂಟಿಸಿದರೆ ಮುಂದೆ ಬರುವ ಮೇಷ್ಟ್ರು ಅದನ್ನೇ ನಂಬುತ್ತಾರೆ, ಅಲ್ವಾ?

ಸಿಂಕಿನದ್ದು ಇನ್ನೂ ಅಪಾಯ. ಒಂದರಲ್ಲಿ ಸೋಡಿಯಂ ಚೂರಿದ್ದು, ನಮ್ಮ ಬಿಸಿಲಿಗೆ ಅದರ ಸೀಮೆಎಣ್ಣೆ ಆರಿಹೋಗಿದ್ದರೆ, ಬೆಂಕಿ ಹತ್ತಲು ನಲ್ಲಿ ನೀರೇ ಸಾಕು. ಚರಂಡಿಯಲ್ಲಿ ಶೌಚಾಲಯದ ಬ್ಲೀಚಿಂಗ್ ಪೌಡರ್ ಇದ್ದರೆ ಆಮ್ಲ ಸೇರಿ ಕ್ಲೋರಿನ್ ಏಳುತ್ತದೆ. ನಮ್ಮ ಸಿಂಕಿನ ಪೈಪು ಹೋಗಿ ಬೀಳೋದು ಶಾಲೆ ಹಿಂದಿನ ಗದ್ದೆ ಕಾಲುವೆಗೆ, ಅಲ್ಲಿ ಎಮ್ಮೆ ನೀರು ಕುಡಿಯುತ್ತವೆ.

ಆ ಬಾಟಲಿಗಳನ್ನು ತೆರೆಯಬೇಡಿ, ಒಂದಕ್ಕೊಂದು ಸುರಿಯಬೇಡಿ. ಮುಚ್ಚಳದ ಸುತ್ತ ಹರಳು ಕಟ್ಟಿದ್ದರೆ ಆ ಬಾಟಲಿಯನ್ನು ಕದಲಿಸಲೂ ಬೇಡಿ. ಉಳಿದವನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ನೆಟ್ಟಗೆ, ಒಂದಕ್ಕೊಂದು ತಾಗದಂತೆ ಇಡಿ. ಪ್ರತಿಯೊಂದಕ್ಕೂ "ಏನೆಂದು ಗೊತ್ತಿಲ್ಲ, ತೆರೆಯಬೇಡಿ" ಅಂತ ಬರೆದು ತಾರೀಕು ಹಾಕಿ ಬೀಗ ಹಾಕಿ. ಪಟ್ಟಿ ಮಾಡಿ ಮುಖ್ಯ ಗುರುಗಳ ಸಹಿಯೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದು, ಇಂಥದ್ದನ್ನು ಒಯ್ಯಲು ಪರವಾನಗಿ ಇರುವವರು ಯಾರು ಅಂತ ಕೇಳಿ. ತಡವಾಗುತ್ತದೆ, ಆಗಲಿ.

ಲೇಬಲ್ ಇರುವ, ನೀರು ಬೆರೆಸಿದ ಆಮ್ಲ ಉಳಿದರೆ ಅದು ಬೇರೆ ಮಾತು. ಕನ್ನಡಕ, ಕೈಗವಸು ಹಾಕಿ, ಬಕೆಟ್ಟಿನಲ್ಲಿ ಮೊದಲು ನೀರು ತೆಗೆದುಕೊಂಡು ಆಮ್ಲವನ್ನು ನಿಧಾನ ಅದಕ್ಕೆ ಬಿಡಿ. ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಿ, ನೊರೆ ನಿಂತ ಮೇಲೆ ಲಿಟ್ಮಸ್ ನೋಡಿ ಚೆಲ್ಲಿ. ಲಿಟ್ಮಸ್ಸಿಗೆ ಕೆಲಸ ಅಲ್ಲಿ. ಸೀಸ, ತಾಮ್ರದ ಲವಣ ಇರುವುದು ಮಾತ್ರ ಹೀಗೆ ಹೋಗಬಾರದು, ಅದಕ್ಕೆ ಬೇರೆ ಬೇರೆ ಡಬ್ಬ ಇಡಿ.

ಹೊಸ ಲೇಬಲನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಹೈಡ್ರೋಕ್ಲೋರಿಕ್ ಆಮ್ಲದ ಹಬೆಗೆ ಪೆನ್ನಿನ ಶಾಯಿ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ. ಮೇಲೆ ಮೇಣದಬತ್ತಿ ತಿಕ್ಕಿ. "ಸಾರರಿಕ್ತ", "ಸಾರೀಕೃತ" ಅಂತ ಬರೆಯಬೇಡಿ, ಅರ್ಧ ಅಳಿಸಿದರೆ ಎರಡರಲ್ಲೂ ಉಳಿಯೋದು "ಸಾರ" ಮಾತ್ರ. ನಾನು "ನೀರು ಬೆರೆಸಿದ್ದು", "ಗಟ್ಟಿ, ನೀರು ಹಾಕಬೇಡ" ಅಂತಲೇ ಬರೆಯುತ್ತೇನೆ. ಜೊತೆಗೆ ಹೆಸರು, ತಾರೀಕು, ತಯಾರಿಸಿದವರ ಸಹಿ. ಈಗ ಖಾಲಿ ಬಾಟಲಿಗೆ ಮೊದಲು ಚೀಟಿ ಅಂಟಿಸುತ್ತೇನೆ, ಆಮೇಲೆ ಬಗ್ಗಿಸುತ್ತೇನೆ.