ಕ್ಯಾಟಲಾಗು ‘ಇಲ್ಲ’ ಎಂದ ಪುಸ್ತಕ ಕಪಾಟಿನಲ್ಲಿ ಇರಬಹುದು

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬಂದು ವಿಜಯಪುರದ ಕಾಲೇಜಿನಲ್ಲಿ ಬಿ.ಎ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಆದಿಲ್‌ಶಾಹಿ ಕಾಲದ ವಿಜಯಪುರದ ನೀರಿನ ವ್ಯವಸ್ಥೆಯ ಬಗ್ಗೆ ಅಸೈನ್‌ಮೆಂಟ್ ಬರೆಯಬೇಕಾಗಿದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ವಿಜಯಪುರ’ ಎಂದು ಹುಡುಕಿದರೆ ಒಂದು ಪುಸ್ತಕವೂ ಬರಲಿಲ್ಲ. ರೆಫರೆನ್ಸ್ ವಿಭಾಗದಲ್ಲಿ ದಪ್ಪ ಪುಸ್ತಕಗಳಿವೆ, ಆದರೆ ಅವನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಎರಡು ತಾಸು ಕುಳಿತರೂ ಉಪಯೋಗಕ್ಕೆ ಬರುವಂಥದ್ದೇನೂ ಬರೆದುಕೊಳ್ಳಲು ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ, ಸರ್?
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಮೊದಲು ಕಂಪ್ಯೂಟರಿಗೇ ಹಿಂದಿರುಗಿ, ಅದೇ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ `Bijapur` ಎಂದು ಟೈಪ್ ಮಾಡಿ. ನಗರದ ಹೆಸರು ಅಧಿಕೃತವಾಗಿ ವಿಜಯಪುರ ಎಂದು ಬದಲಾದದ್ದು 2014ರ ನವೆಂಬರಿನಲ್ಲಿ. ಅದಕ್ಕಿಂತ ಮೊದಲು ಅಚ್ಚಾದ ಪುಸ್ತಕಗಳ ಹೆಸರಿನಲ್ಲಿ ಸಾಮಾನ್ಯವಾಗಿ ‘ಬಿಜಾಪುರ’ ಎಂದೇ ಇರುತ್ತದೆ, ಮತ್ತು ಕ್ಯಾಟಲಾಗು ಮಾಡುವವರು ಪುಸ್ತಕದ ಹೆಸರನ್ನು ಮುಖಪುಟದೊಳಗಿನ ಶೀರ್ಷಿಕೆ ಪುಟದಲ್ಲಿ ಇರುವಂತೆಯೇ ದಾಖಲಿಸುತ್ತಾರೆ, ಊರಿನ ಹೆಸರು ಬದಲಾಯಿತೆಂದು ಹಳೆಯ ನಮೂದುಗಳನ್ನು ತಿದ್ದುವುದಿಲ್ಲ. ಕ್ಯಾಟಲಾಗಿಗೆ ನಿಮ್ಮ ಮನಸ್ಸಿನಲ್ಲಿರುವ ವಿಷಯ ತಿಳಿಯುವುದಿಲ್ಲ, ನೀವು ಟೈಪ್ ಮಾಡಿದ ಅಕ್ಷರಗಳು ತನ್ನಲ್ಲಿವೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ. ಹೀಗಾಗಿ ತೆರೆಯ ಮೇಲೆ ಫಲಿತಾಂಶ ಸೊನ್ನೆ ಬಂದಾಗ, ಆ ಪದ ಅಲ್ಲಿಲ್ಲ ಎಂದು ಮಾತ್ರ ತಿಳಿಯಬೇಕು, ಪುಸ್ತಕ ಇಲ್ಲ ಎಂದಲ್ಲ.

ಕನ್ನಡ ಪುಸ್ತಕಗಳ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ನಮೂದಿಸಿರುತ್ತಾರೆ, ಅದನ್ನೂ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆದಿರುತ್ತಾರೆ. ಆದಿಲ್‌ಶಾಹಿ ಎಂಬ ಒಂದೇ ಹೆಸರು `Adilshahi`, `Adil Shahi`, `Adilashahi` ಎಂದು ಮೂರು ರೂಪಗಳಲ್ಲಿ ಇರಬಹುದು. ಪ್ರತಿಯೊಂದು ರೂಪವನ್ನೂ ಬೇರೆ ಬೇರೆಯಾಗಿ ಹುಡುಕಿ. ಅನೇಕ ಕಡೆ ಬಳಕೆಯಲ್ಲಿರುವ `Koha` ತಂತ್ರಾಂಶ ನಿಮ್ಮಲ್ಲಿಯೂ ಇದ್ದರೆ, `Adil*` ಎಂದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಬಹುದು, ಆಗ ಆ ನಾಲ್ಕು ಅಕ್ಷರಗಳಿಂದ ಆರಂಭವಾಗುವ ಪದಗಳೆಲ್ಲವೂ ಒಟ್ಟಿಗೆ ಬರುತ್ತವೆ. `Bijapur` ಎಂದು ಹುಡುಕಿದಾಗ ಛತ್ತೀಸಗಢದಲ್ಲಿಯೂ ಅದೇ ಹೆಸರಿನ ಜಿಲ್ಲೆಯೊಂದಿರುವುದರಿಂದ ಸಂಬಂಧವಿಲ್ಲದ ಪುಸ್ತಕವೊಂದು ನುಸುಳಬಹುದು. ಪಕ್ಕದಲ್ಲಿ `Karnataka` ಅಥವಾ `Deccan` ಎಂಬ ಪದ ಸೇರಿಸಿದರೆ ಅಂಥವು ಬಹುಮಟ್ಟಿಗೆ ಸರಿದುಹೋಗುತ್ತವೆ.

ಹೀಗೆ ಹುಡುಕಿ ನಿಮ್ಮ ವಿಷಯಕ್ಕೆ ಸರಿಹೊಂದುವ ಒಂದು ಪುಸ್ತಕ ಸಿಕ್ಕರೂ ಸಾಕು, ಮುಂದಿನ ದಾರಿಯನ್ನು ಅದೇ ತೋರಿಸುತ್ತದೆ. ಆ ಪುಸ್ತಕದ ಹೆಸರಿನ ಮೇಲೆ ಒತ್ತಿ ಪೂರ್ಣ ವಿವರದ ಪುಟವನ್ನು ತೆರೆಯಿರಿ. ಅಲ್ಲಿ `Subject` ಎಂಬ ಸಾಲಿನಲ್ಲಿ ವಿಷಯದ ತಲೆಬರಹ ಇರುತ್ತದೆ. ಇದು ಲೇಖಕರು ಬಳಸಿದ ಪದವಲ್ಲ, ಒಂದೇ ವಿಷಯದ ಪುಸ್ತಕಗಳು ಒಂದೇ ಕಡೆ ಸೇರಲೆಂದು ಗ್ರಂಥಪಾಲಕರು ಕೊಟ್ಟ ಪದ. ಅದರ ಮೇಲೆ ಒತ್ತಿದರೆ, ಹೆಸರಿನಲ್ಲಿ ಬಿಜಾಪುರವೆಂದಾಗಲಿ ನೀರೆಂದಾಗಲಿ ಇಲ್ಲದ, ಆದರೆ ನಿಮಗೆ ಬೇಕಾದದ್ದನ್ನೇ ಹೇಳುವ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ಹೊಸ ವಿದ್ಯಾರ್ಥಿಗಳು ಬಿಟ್ಟುಬಿಡುವುದು ಸಾಮಾನ್ಯವಾಗಿ ಇದೇ ಹೆಜ್ಜೆಯನ್ನು, ಮತ್ತು ಕ್ಯಾಟಲಾಗಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲವೆಂದು ನಾನು ತಿಳಿದಿದ್ದೇನೆ.

ಅದೇ ಪುಟದಲ್ಲಿ ಕಾಲ್ ನಂಬರ್, ಅಂದರೆ ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತೋರಿಸುವ ಸಂಖ್ಯೆ ಕೂಡ ಇರುತ್ತದೆ. ಡ್ಯೂಯಿ ದಶಮಾಂಶ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯದಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87 ಎಂಬ ಸಂಖ್ಯೆ ಇದೆ. 954 ಎಂದರೆ ಭಾರತದ ಇತಿಹಾಸ, ಬಿಂದುವಿನ ನಂತರದ 8 ದಕ್ಷಿಣ ಭಾರತವನ್ನೂ ಅದರ ಮುಂದಿನ 7 ಕರ್ನಾಟಕವನ್ನೂ ಸೂಚಿಸುತ್ತವೆ. ಕಪಾಟಿನ ಮುಂದೆ ನಿಂತಾಗ ಬಿಂದುವಿನ ನಂತರದ ಅಂಕಿಗಳನ್ನು ‘ಎಂಬತ್ತೇಳು’ ಎಂದು ಓದಬೇಡಿ, ‘ಎಂಟು, ಏಳು’ ಎಂದು ಒಂದೊಂದಾಗಿ ಓದಿ. ಎಂಬತ್ತೇಳು ಎಂದು ಓದಿದವರು ಅದು ಒಂಬತ್ತಕ್ಕಿಂತ ದೊಡ್ಡದೆಂದು ಭಾವಿಸಿ 954.9ರ ಆಚೆಗೆ ಹುಡುಕುತ್ತಾರೆ, ಆದರೆ ಪುಸ್ತಕ ಇರುವುದು 954.8 ಮತ್ತು 954.9ರ ನಡುವೆ. ಸಂಖ್ಯೆಯ ಕೆಳಗಿರುವ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಅಕ್ಷರಗಳಾಗಿರುತ್ತವೆ. ಒಂದೇ ಸಂಖ್ಯೆಯ ಪುಸ್ತಕಗಳು ಅವುಗಳ ಕ್ರಮದಲ್ಲಿ ನಿಂತಿರುತ್ತವೆ.

ನಿಮ್ಮ ವಿಷಯ ಇಡಿಯಾಗಿ ಒಂದೇ ಕಪಾಟಿನಲ್ಲಿ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅರಸರ ಕಾಲಾನುಕ್ರಮ 954.87ರಲ್ಲಿ ಸಿಗುತ್ತದೆ. ತಾಜ್ ಬಾವಡಿ ಎಂಬ ದೊಡ್ಡ ಬಾವಿಯ ಕಟ್ಟಡವನ್ನು ವಿವರಿಸುವ ಪುಸ್ತಕ ವಾಸ್ತುಶಿಲ್ಪದ 720ರ ಸಾಲಿನಲ್ಲಿ ಇರಬಹುದು. ನಗರಕ್ಕೆ ನೀರು ಪೂರೈಸುವ ತಾಂತ್ರಿಕ ಕ್ರಮವನ್ನು ಹೇಳುವುದು 628.1ರಲ್ಲಿ ಇರುತ್ತದೆ. ಅನೇಕ ಗ್ರಂಥಾಲಯಗಳು ಕನ್ನಡ ಪುಸ್ತಕಗಳನ್ನು ಬೇರೆ ಸಾಲಿನಲ್ಲಿ ಇಡುತ್ತವೆ, ಆ ಸಾಲಿನಲ್ಲಿಯೂ ಇದೇ ಸಂಖ್ಯೆಗಳನ್ನು ಹುಡುಕಬೇಕು. ತೆರೆಯ ಮೇಲೆ `Available` ಎಂದಿದ್ದೂ ಪುಸ್ತಕ ಜಾಗದಲ್ಲಿ ಕಾಣದಿದ್ದರೆ, ಎಡ ಬಲದ ಒಂದೆರಡು ಹಲಗೆಗಳನ್ನು, ಓದುವ ಮೇಜುಗಳನ್ನು ಮತ್ತು ಹಿಂದಿರುಗಿಸಿದ ಪುಸ್ತಕಗಳ ರಾಶಿಯನ್ನು ನೋಡಿ. ನೀವು ತೆಗೆದ ಪುಸ್ತಕವನ್ನೂ ನೀವೇ ಕಪಾಟಿಗೆ ಸೇರಿಸದೆ ಮೇಜಿನ ಮೇಲೆಯೇ ಬಿಡಿ ಎಂದು ಸಿಬ್ಬಂದಿ ಹೇಳುವುದು ಇದೇ ಕಾರಣಕ್ಕೆ, ಏಕೆಂದರೆ ತಪ್ಪು ಹಲಗೆಗೆ ಸೇರಿದ ಪುಸ್ತಕ ಯಾರಾದರೂ ಆಕಸ್ಮಿಕವಾಗಿ ನೋಡುವ ತನಕ ಕಳೆದುಹೋದ ಪುಸ್ತಕವೇ ಆಗಿರುತ್ತದೆ.

ಈಗ ರೆಫರೆನ್ಸ್ ವಿಭಾಗದ ಮಾತು. ಅಲ್ಲಿಯ ಪುಸ್ತಕಗಳನ್ನು ಮನೆಗೆ ಕೊಡದಿರುವುದಕ್ಕೆ ಕಾರಣ ಅವುಗಳ ಸ್ವಭಾವದಲ್ಲೇ ಇದೆ. ವಿಶ್ವಕೋಶ, ನಿಘಂಟು, ಜಿಲ್ಲೆಯೊಂದರ ವಿವರಗಳನ್ನು ಕೊಡುವ ಗೆಜೆಟಿಯರುಗಳನ್ನು ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ, ಒಬ್ಬರಿಗೆ ಬೇಕಾಗುವುದು ಎರಡು ಪುಟ, ಇನ್ನೊಬ್ಬರಿಗೆ ಬೇರೆ ಎರಡು ಪುಟ, ಹೀಗಾಗಿ ಪುಸ್ತಕ ಎಲ್ಲರಿಗೂ ದಿನವೂ ಅಲ್ಲಿಯೇ ಸಿಗುವಂತಿರಬೇಕು. ನಿಮ್ಮ ಎರಡು ತಾಸು ವ್ಯರ್ಥವಾದದ್ದು ಬಹುಶಃ ಅವನ್ನು ಪಠ್ಯಪುಸ್ತಕದಂತೆ ಮುಂದಿನಿಂದ ಓದತೊಡಗಿದ್ದರಿಂದ.

ನಿಮ್ಮ ವಿಷಯಕ್ಕೆ ಮೊದಲು ತೆಗೆಯಬೇಕಾದದ್ದು ಮುಂಬಯಿ ಪ್ರಾಂತದ ಗೆಜೆಟಿಯರಿನ 23ನೆಯ ಸಂಪುಟವನ್ನು. ಬಿಜಾಪುರ ಜಿಲ್ಲೆಯ ಈ ಸಂಪುಟ 1884ರಲ್ಲಿ ಪ್ರಕಟವಾಯಿತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಬಾದಾಮಿ, ಐಹೊಳೆಗಳ ವಿವರವೂ ಇದರಲ್ಲಿಯೇ ಇದೆ, ಬಾಗಲಕೋಟೆಯ ವಿದ್ಯಾರ್ಥಿಗಳೂ ಇದನ್ನೇ ಹುಡುಕಬೇಕು. ಬೆಳಗಾವಿಯವರಿಗೆ 21ನೆಯ ಸಂಪುಟ ಇದೆ. ಪುಸ್ತಕ ಕೈಗೆ ಬಂದಾಗ ಕೊನೆಯ ಪುಟಗಳ ಅಕಾರಾದಿ ಸೂಚಿಯನ್ನು ಮೊದಲು ತೆರೆಯಿರಿ. `Bijapur`, `Water`, `Wells`, `Reservoirs`, `Torvi` ಎಂಬ ಐದಾರು ಪದಗಳನ್ನು ಸೂಚಿಯಲ್ಲಿ ನೋಡಿ, ಸಿಕ್ಕ ಪುಟಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡ ನಂತರವೇ ಒಳಗೆ ಹೋಗಿ. ಊರುಗಳ ವಿವರ ಕೊನೆಯ ಭಾಗದ `Places` ಎಂಬ ಅಧ್ಯಾಯದಲ್ಲಿ ಅಕ್ಷರಕ್ರಮದಲ್ಲಿ ಇರುತ್ತದೆ. ಹಳೆಯ ಇಂಗ್ಲಿಷ್ ಬರಹದಲ್ಲಿ ಊರಿನ ಹೆಸರುಗಳ ಕಾಗುಣಿತ ಇಂದಿನಂತೆ ಇರುವುದಿಲ್ಲ, ಆದ್ದರಿಂದ ಒಂದು ರೂಪದಲ್ಲಿ ಸಿಗದ ಹೆಸರನ್ನು ಜೋರಾಗಿ ಉಚ್ಚರಿಸಿದರೆ ಹೇಗೆ ಕೇಳೀತೆಂದು ಯೋಚಿಸಿ ಮತ್ತೊಂದು ರೂಪದಲ್ಲಿ ಹುಡುಕಿ.

ಈ ಸಂಪುಟವನ್ನು ನಂಬುವುದಕ್ಕೂ ಒಂದು ಮಿತಿ ಇದೆ. ಔರಂಗಜೇಬನು ನಗರವನ್ನು ವಶಪಡಿಸಿಕೊಂಡದ್ದು 1686ರಲ್ಲಿ, ಗೆಜೆಟಿಯರ್ ಬರೆದವರು ಅದಾಗಿ ಸುಮಾರು ಇನ್ನೂರು ವರ್ಷಗಳ ನಂತರ ಹಾಳಾದ ಕಾಲುವೆಗಳನ್ನೂ ಹೂಳು ತುಂಬಿದ ಬಾವಿಗಳನ್ನೂ ಕಂಡವರು. ಅವರು ಕಣ್ಣಾರೆ ಕಂಡು ಅಳೆದದ್ದಕ್ಕೆ ಒಂದು ಬೆಲೆ, ಯಾರು ಯಾವಾಗ ಕಟ್ಟಿಸಿದರೆಂದು ಸ್ಥಳೀಯರಿಂದ ಕೇಳಿ ಬರೆದದ್ದಕ್ಕೆ ಇನ್ನೊಂದು ಬೆಲೆ. ಬೇಗಂ ತಲಾಬ್ ಎಂಬ ಕೆರೆ ಮುಹಮ್ಮದ್ ಆದಿಲ್ ಶಾಹನ ಕಾಲದ್ದು, ಅಂದರೆ 1627 ಮತ್ತು 1656ರ ನಡುವಿನದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಕಟ್ಟಡಗಳಿಗೆ ಎರಡು ಪುಸ್ತಕಗಳು ಎರಡು ಇಸವಿಗಳನ್ನು ಕೊಟ್ಟಾಗ ಒಂದನ್ನು ಅಳಿಸಿಹಾಕಬೇಡಿ. ಎರಡನ್ನೂ ಪುಟಸಂಖ್ಯೆಯೊಂದಿಗೆ ಬರೆದುಕೊಂಡು, ಶಾಸನದ ಆಧಾರ ಯಾವುದಕ್ಕೆ ಇದೆಯೆಂದು ನೋಡಿ. ಅಸೈನ್‌ಮೆಂಟಿನಲ್ಲಿ ಆ ಭಿನ್ನಾಭಿಪ್ರಾಯವನ್ನೇ ಒಂದು ಪ್ಯಾರಾ ಮಾಡಿದರೆ ಅಧ್ಯಾಪಕರು ಮೆಚ್ಚುತ್ತಾರೆ.

ಕುಳಿತು ಕೆಲಸ ಮಾಡುವ ಕ್ರಮದ ಬಗ್ಗೆ ಒಂದೇ ಒಂದು ಅಭ್ಯಾಸವನ್ನು ಗಟ್ಟಿಯಾಗಿ ಹಿಡಿಯಿರಿ ಎಂದು ಹೇಳುತ್ತೇನೆ. ಟಿಪ್ಪಣಿಯ ಹಾಳೆಯ ತಲೆಯಲ್ಲಿ ಕಾಲ್ ನಂಬರ್, ಲೇಖಕರು, ಪುಸ್ತಕದ ಹೆಸರು, ಪ್ರಕಟವಾದ ವರ್ಷ ಇವನ್ನು ಬರೆಯದೆ ಒಳಗಿನ ಒಂದು ಸಾಲನ್ನೂ ಬರೆಯಬೇಡಿ. ನಂತರ ಪ್ರತಿ ಟಿಪ್ಪಣಿಯ ಎಡಗಡೆ ಪುಟಸಂಖ್ಯೆ ಹಾಕಿ. ಪುಸ್ತಕದ ಮಾತನ್ನು ಹಾಗೆಯೇ ಎತ್ತಿ ಬರೆದಿದ್ದರೆ ಉದ್ಧರಣ ಚಿಹ್ನೆ ಹಾಕಿ, ನಿಮ್ಮ ಮಾತಿನಲ್ಲಿ ಬರೆದಿದ್ದರೆ ಹಾಕಬೇಡಿ. ಎರಡು ವಾರಗಳ ನಂತರ ಬರೆಯಲು ಕುಳಿತಾಗ ಯಾವ ವಾಕ್ಯ ಯಾರದೆಂದು ನೆನಪಿರುವುದಿಲ್ಲ, ಕೃತಿಚೌರ್ಯದ ಆರೋಪ ಬರುವುದು ಬಹಳ ಸಲ ದುರುದ್ದೇಶದಿಂದಲ್ಲ, ಈ ಗೊಂದಲದಿಂದ. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆಯಲು ನಿಮ್ಮ ಗ್ರಂಥಾಲಯದಲ್ಲಿ ಅನುಮತಿ ಇದ್ದರೆ, ಮೊದಲ ಚಿತ್ರ ಶೀರ್ಷಿಕೆ ಪುಟದ್ದೇ ಆಗಿರಲಿ ಮತ್ತು ಮೊಬೈಲಿನ ಸದ್ದು ಪೂರ್ತಿ ಆರಿರಲಿ.

ಗೆಳತಿಯರೊಂದಿಗೆ ಸೇರಿ ಮಾಡುವ ಕೆಲಸವಾದರೆ ಹುಡುಕುವುದನ್ನು ಹಂಚಿಕೊಳ್ಳಿ, ಚರ್ಚೆಯನ್ನು ಹೊರಗಿನ ಪಡಸಾಲೆಗೆ ಇಟ್ಟುಕೊಳ್ಳಿ. ಪಿಸುಮಾತು ಕೂಡ ಎದುರು ಮೇಜಿನವರ ಓದನ್ನು ಕೆಡಿಸುತ್ತದೆ, ಏಕೆಂದರೆ ಅರ್ಧ ಕೇಳಿದ ಮಾತನ್ನು ಕಿವಿ ತಾನಾಗಿ ಪೂರ್ತಿ ಮಾಡಿಕೊಳ್ಳಲು ಹೊರಡುತ್ತದೆ. ರೆಫರೆನ್ಸ್ ಪುಸ್ತಕದ ಹತ್ತಿರ ಪೆನ್ನು ಬೇಡ, ನಿಮ್ಮ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಟಿಪ್ಪಣಿ ಮಾಡಿ, ಕೈ ತಪ್ಪಿ ಪುಸ್ತಕದ ಮೇಲೆ ಗೆರೆ ಬಿದ್ದರೂ ಅಳಿಸಬಹುದು.

1884ರ ಈ ಸಂಪುಟ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ `archive.org` ಜಾಲತಾಣದಲ್ಲಿ ಅದರ ಸ್ಕ್ಯಾನ್ ಪ್ರತಿ ಉಚಿತವಾಗಿ ಓದಲು ಸಿಗುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗಾಗಿ `shodhganga.inflibnet.ac.in` ನೋಡಿ. ಅಲ್ಲಿ ಪ್ರಬಂಧವನ್ನು ಇಡಿಯಾಗಿ ಓದುವ ಅಗತ್ಯವಿಲ್ಲ, ಕೊನೆಯ ಗ್ರಂಥಋಣದ ಪಟ್ಟಿಯನ್ನು ಮುದ್ರಿಸಿಕೊಂಡು ಅದರಲ್ಲಿರುವ ಹೆಸರುಗಳನ್ನು ನಿಮ್ಮ ಕ್ಯಾಟಲಾಗಿನಲ್ಲಿ ಒಂದೊಂದಾಗಿ ಹುಡುಕಿ.

ಇಷ್ಟಾದ ಮೇಲೂ ಸಿಗದಿದ್ದರೆ ಗ್ರಂಥಪಾಲಕರ ಮೇಜಿಗೆ ಹೋಗಿ. ‘ಸರ್, ವಿಜಯಪುರದ ಮೇಲೆ ಪುಸ್ತಕ ಕೊಡಿ’ ಎಂದು ಕೇಳಿದರೆ ಅವರು ನಿಮ್ಮನ್ನು 954.87ರ ಕಪಾಟಿಗೆ ಕಳಿಸುತ್ತಾರೆ, ಅಷ್ಟೇ. ಯಾವ ಯಾವ ಪದಗಳನ್ನು ಹುಡುಕಿದಿರಿ, ಯಾವ ಪುಸ್ತಕ ಸಿಕ್ಕಿತು, ಅದರಲ್ಲಿ ಏನು ಇರಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ, ಇನ್ನೂ ಕ್ಯಾಟಲಾಗಿಗೆ ಏರದ ಹಳೆಯ ಪುಸ್ತಕಗಳ ಕಪಾಟನ್ನೋ, ಬೇರೆ ಕಾಲೇಜಿನಿಂದ ತರಿಸಿಕೊಡುವ ಸಾಧ್ಯತೆಯನ್ನೋ ಅವರು ನಿಮಗೆ ಹೇಳಬಲ್ಲರು.