ಕಾಯಿಲೆ ರಜೆಯ ಇಎಸ್‌ಐ ಹಣ

"ಮೂರು ವರ್ಷದಿಂದ ಇಎಸ್‌ಐ ಇದೆ. ಮೇನಲ್ಲಿ ಜಾಂಡೀಸ್ ಆಗಿ 12 ದಿನ ಕೆಲಸಕ್ಕೆ ಹೋಗಲಿಲ್ಲ. ಹಣ ಸಿಗುತ್ತಾ?"

ಸಿಗಬಹುದು. ಆದರೆ ಮೊನ್ನೆ ಮೊನ್ನೆ ಕಟ್ಟಿದ ವಂತಿಗೆಯನ್ನು ಇಲ್ಲಿ ನೋಡುವುದಿಲ್ಲ. ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್ ಲೆಕ್ಕ. ಆಗ ಕನಿಷ್ಠ 78 ದಿನಕ್ಕೆ ವಂತಿಗೆ ಬಿದ್ದಿರಬೇಕು. ಎಷ್ಟೋ ಜನ ಎಡವುವುದು ಇಲ್ಲೇ, ಮೊದಲು ಅದನ್ನೇ ನೋಡಿ.

ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಉಳಿದ 10 ದಿನಕ್ಕೆ ಸರಾಸರಿ ದಿನಗೂಲಿಯ ಶೇ. 70 ಬರುತ್ತದೆ. ಆ ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಸರಾಸರಿ 600 ರೂಪಾಯಿ ಇದ್ದರೆ ದಿನಕ್ಕೆ 420, ಒಟ್ಟು 4,200.

ಇಎಸ್‌ಐ ಡಾಕ್ಟರ್ ಕೊಟ್ಟ ಕಾಯಿಲೆ ಸರ್ಟಿಫಿಕೇಟ್, ಕೊನೆಯ ಫಿಟ್‌ನೆಸ್ ಸರ್ಟಿಫಿಕೇಟ್ ಎರಡನ್ನೂ ಕ್ಲೇಮ್ ಅರ್ಜಿಯ ಜೊತೆ ಬ್ರಾಂಚ್ ಆಫೀಸಿಗೆ ಕೊಡಿ. ಖಾಸಗಿ ಡಾಕ್ಟರ್ ಚೀಟಿಯನ್ನೇ ನಂಬಿಕೊಂಡು ಸುಮ್ನೆ ಕೂರಬೇಡಿ.