ಆಟದ ಸಾಮಾನಿನ ಕಿತ್ತಾಟ

"ಮಗಳಿಗೆ 5, ಮಗನಿಗೆ 3. ಒಂದೇ ಜೆಸಿಬಿಗೆ ದಿನಾ ಜಗಳ. ಕಿತ್ಕೊಂಡು ಬೀರು ಮೇಲೆ ಇಟ್ಬಿಡ್ತೀನಿ. ಬೇರೆ ದಾರಿ ಇದ್ಯಾ?"

ಇದೆ ಮೇಡಂ. ಹೊಡೆದಾಟ ಆಗ್ತಿದ್ರೆ ಮೊದಲು ಕೈ ಹಿಡಿದು ನಿಲ್ಲಿಸಿ, ಆಮೇಲೆ ಇಬ್ಬರ ಮಧ್ಯೆ ನೆಲದ ಮೇಲೆ ಕೂತ್ಕೊಂಡು ಜೆಸಿಬಿನ ಅವರಿಗೆ ಕಾಣೋ ಹಾಗೆ ನಿಮ್ಮ ತೊಡೆ ಮೇಲೆ ಇಟ್ಕೊಳ್ಳಿ, "ಮಾತಾಡಿ ಮುಗಿಯೋವರೆಗೂ ಇದು ನನ್ನ ಹತ್ರಾನೇ ಇರತ್ತೆ" ಅನ್ನಿ. ಬಚ್ಚಿಟ್ರೆ ಅಳು ಜಾಸ್ತಿ ಆಗತ್ತೆ ಅಷ್ಟೇ.

"ಯಾರು ಮೊದಲು ತಗೊಂಡಿದ್ದು" ಅಂತ ಮಾತ್ರ ಕೇಳ್ಬೇಡಿ, ಇಬ್ಬರೂ ನಾನೇ ಅಂತಾರೆ, ನೀವು ಜಡ್ಜ್ ಆಗ್ಬಿಡ್ತೀರ. "ನಿನಗೆ ಸಿಟ್ಟು ಬಂದಿದೆ, ಅವನಿಗೂ ಬೇಕು, ಜೆಸಿಬಿ ಇರೋದು ಒಂದೇ, ಏನ್ ಮಾಡೋಣ?" ಅಂತ ಕೇಳಿ ಸುಮ್ನಿರಿ. ಇದೇ ಕಷ್ಟದ ಕೆಲಸ, ನಮಗೆ ಬಾಯಿಗೆ ಬಂದ ಪರಿಹಾರ ಹೇಳ್ಬಿಡೋಣ ಅನ್ಸತ್ತೆ. ಅಕ್ಕ "ನಾನು ಫಸ್ಟ್" ಅಂದ್ರೆ ತಮ್ಮನನ್ನೂ ಕೇಳಿ, ಅವನು ಬೇಡ ಅಂತ ತಲೆ ಆಡಿಸಿದ್ರೆ ಆ ಐಡಿಯಾ ಬಿಟ್ಟು ಇನ್ನೊಂದು ಕೇಳಿ. ಚಿಕ್ಕವನಿಗೆ ಏನೂ ಹೊಳೀದಿದ್ರೆ ನೀವೇ ಎರಡು ಆಯ್ಕೆ ಕೊಡಿ: ಅಕ್ಕ ಅಗೆದಿದ್ದನ್ನ ಲಾರೀಲಿ ಸಾಗಿಸ್ತೀಯಾ, ಇಲ್ಲ ಅವಳ ಟರ್ನ್ ಆದ್ಮೇಲೆ ನೀನು ತಗೋತೀಯಾ?

ಟರ್ನ್ ಅಂದಾಗ "5 ನಿಮಿಷ" ಅನ್ನೋದು 3 ವರ್ಷದವನಿಗೆ ಅರ್ಥ ಆಗಲ್ಲ. "10 ಸಲ ಮಣ್ಣು ತುಂಬೋವರೆಗೂ" ಅಂದು ಅವನ ಕೈಲೇ ಎಣಿಸಿ, ಕಾಯೋದೂ ಆಟ ಆಗತ್ತೆ. 10 ಆದಾಗ ನೀವು ಅಲ್ಲೇ ಇರಲೇಬೇಕು, ಅವತ್ತು ಜೆಸಿಬಿ ಅವನ ಕೈಗೆ ಬರ್ಲಿಲ್ಲ ಅಂದ್ರೆ ನಾಳೆಯಿಂದ ಅವನು ಕಾಯಲ್ಲ.

ಹಸಿವು, ನಿದ್ದೆ ಹೊತ್ತಲ್ಲಿ ಇದು ನಡಿಯಲ್ಲ, ಮೊದಲು ಊಟ ಕೊಡಿ.